ಬೆಣ್ಣಿಹಳ್ಳದ ದಂಡೆಯ ವಾಯ್ಸ್‌ಗಳು: ಯಾವುದನ್ನು ಮೊದಲು ಕೇಳಬೇಕು?

ಗದಗ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ, ಸದಸ್ಯರು ವಾಟ್ಸ್ಆ್ಯಪಿನಲ್ಲಿ ಕಳಿಸುವ ವಾಯ್ಸ್ ಸಂದೇಶಗಳ ವಿಷಯದಲ್ಲಿ ನಡೆದ ಪ್ರಕರಣ ಇದು. ಊರಿನ ಹೆಸರು, ಜನರ ಹೆಸರು, ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ. ಇಂಥ ಕಂಪನಿಗಳ ಸಿಬ್ಬಂದಿಗೆ ದಾಖಲೆ ಇಡುವುದು, ಸದಸ್ಯರ ಜೊತೆ ಸಂಪರ್ಕ ಇಟ್ಟುಕೊಳ್ಳುವುದು ಇವುಗಳ ತರಬೇತಿ ಕೊಡುವುದು ನನ್ನ ಕೆಲಸ. ಆ ನೆಪದಲ್ಲಿ ಈ ಪ್ರಕರಣವನ್ನು ಹತ್ತಿರದಿಂದ ನೋಡಿದೆ. ಸಂಬಂಧಪಟ್ಟವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ಹಿನ್ನೆಲೆ

ಕಂಪನಿಯ ವ್ಯಾಪ್ತಿಯಲ್ಲಿ ಒಂಬತ್ತು ಹಳ್ಳಿಗಳಿವೆ. ಎಲ್ಲ ಎರೆಭೂಮಿ. ಮೂರು ಹಳ್ಳಿಗಳು ಬೆಣ್ಣಿಹಳ್ಳದ ದಂಡೆಗೇ ಇವೆ. ಮುಂಗಾರಿನಲ್ಲಿ ಹೆಸರು, ಗೋವಿನಜೋಳ, ಹತ್ತಿ. ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ. ಬೀಜ ಗೊಬ್ಬರ ಹಂಚುವುದು, ಮಾಲು ತೂಗಿಸುವುದು, ವಿಮೆಯ ಕಾಗದ ಪತ್ರ ತುಂಬಿಸುವುದು, ಹುಳ ಬಿದ್ದ ಹೊಲ ನೋಡಿ ಬರುವುದು, ಇವೆಲ್ಲಕ್ಕೂ ಒಬ್ಬಳೇ ಸಂಯೋಜಕಿ. ಅದೇ ಸೀಮೆಯ ಹೆಣ್ಣುಮಗಳು, ಕೃಷಿ ಡಿಪ್ಲೊಮಾ ಓದಿದವಳು. ರೈತರು ಅವಳನ್ನು "ಅಕ್ಕಾರ" ಅನ್ನುತ್ತಾರೆ, ಹಿರಿಯರು "ತಂಗೆವ್ವಾ" ಅನ್ನುತ್ತಾರೆ.

ಕಂಪನಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುಮಾರು 200 ಜನ ಇದ್ದಾರೆ. ಆ ಗ್ರೂಪು ನಡೆಯುವುದೇ ವಾಯ್ಸ್ ಮೇಲೆ. ಕನ್ನಡದಲ್ಲಿ ಟೈಪ್ ಮಾಡುವ ರೂಢಿ ಇರುವ ಸದಸ್ಯರು ಕಡಿಮೆ. ಕೈಯಲ್ಲಿ ಕುಡಗೋಲೋ ಟ್ರ್ಯಾಕ್ಟರ್ ಸ್ಟೇರಿಂಗೋ ಇರುವಾಗ ಬಲ್ಲವರೂ ಟೈಪ್ ಮಾಡುವುದಿಲ್ಲ. "ವಾಯ್ಸ್ ಬಿಟ್ಟೇನ್ರೀ, ಕೇಳ್ರಿ" ಅಂದರೆ ಅಲ್ಲಿಗೆ ಮಾತು ಮುಟ್ಟಿಸಿದ ಹಾಗೆ. ಇದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಅಕ್ಷರ ಬಾರದ ಮುದುಕಿಯೂ ತನ್ನ ಹೊಲದ ಸ್ಥಿತಿಯನ್ನು ಕಂಪನಿಗೆ ತಾನೇ ಹೇಳಬಲ್ಲಳು ಅಂದರೆ ಅದು ದೊಡ್ಡ ಸಂಗತಿ, ಉಳಿಸಿಕೊಳ್ಳಬೇಕಾದ ಸಂಗತಿ.

ಕಷ್ಟ ಇರುವುದು ಕೇಳುವವಳ ಕಡೆ. ಹೆಸರು ಬಿಡಿಸುವ ಆಗಸ್ಟ್ ತಿಂಗಳಲ್ಲಿ ದಿನಕ್ಕೆ 40ರ ಆಸುಪಾಸು ವಾಯ್ಸ್ ಬರುತ್ತಿದ್ದವು. ಒಂದೊಂದು ಸರಾಸರಿ ಎರಡು ನಿಮಿಷ. ಎಲ್ಲ ಕೇಳಲು 80 ನಿಮಿಷ ಬೇಕು, ಕೇಳಿದ್ದಕ್ಕೆ ಉತ್ತರ ಕೊಡುವ ಹೊತ್ತು ಬೇರೆ. ಅವಳಿಗೆ ಬೆಳಿಗ್ಗೆ ಬಸ್ಸಿನಲ್ಲಿ ಅರ್ಧ ಗಂಟೆ, ಮಧ್ಯಾಹ್ನ ಊಟದ ಹೊತ್ತಿಗೆ ಒಂದಿಷ್ಟು, ಅಷ್ಟೇ ಸಿಗುತ್ತಿತ್ತು.

ಆದದ್ದೇನು

ಒಂದು ಗುರುವಾರ ರಾತ್ರಿ ಜೋರು ಮಳೆಯಾಯಿತು. ಹಳ್ಳದ ದಂಡೆಯ ಒಬ್ಬ ಹಿರಿಯ ರೈತರು ಶುಕ್ರವಾರ ನಸುಕಿನಲ್ಲಿ ಗ್ರೂಪಿಗೆ ಒಂದು ವಾಯ್ಸ್ ಹಾಕಿದರು. ಮೂರು ನಿಮಿಷ ಐವತ್ತು ಸೆಕೆಂಡಿನದು. ನಂತರ ನಾವು ಅದನ್ನು ಕೂತು ಕೇಳಿದಾಗ ಅದರ ಹದ ಹೀಗಿತ್ತು. ಮೊದಲ ಮುಕ್ಕಾಲು ನಿಮಿಷ ನಮಸ್ಕಾರ, ಆರಾಮ ಅದೀರಿಲ್ಲೋ, ಮನೆಯಲ್ಲಿ ಮಗಳಿಗೆ ಹುಷಾರಿಲ್ಲದ ಮಾತು. ಆಮೇಲೆ ಕಳೆದ ಸಲದ ಬೀಜದ ರೊಕ್ಕದ ಲೆಕ್ಕ. ಒಂದು ನಿಮಿಷ ನಲವತ್ತು ಸೆಕೆಂಡಿನ ಹೊತ್ತಿಗೆ, ದನಿಯಲ್ಲಿ ಏರಿಳಿತವೇ ಇಲ್ಲದೆ, "ರಾತ್ರಿ ಮಳಿ ಭಾಳ ಆತ್ರೀ, ಹಳ್ಳದ ನೀರು ನಮ್ಮ ಕೆಳಗಿನ ಹೊಲದಾಗ ಹೊಕ್ಕೈತಿ, ಹೆಸರು ಕಾಯಿ ಮಟಾ ನೀರಾಗ ನಿಂತೈತಿ" ಅನ್ನುವ ಒಂದು ಮಾತು. ಅಲ್ಲಿಂದ ಮತ್ತೆ ಡಿಎಪಿ ಯಾವಾಗ ಬರುತ್ತದೆ, ಈ ಸಲ ಹಿಂಗಾರಿಗೆ ಎಷ್ಟು ಚೀಲ ಸಿಗುತ್ತದೆ ಎಂಬ ವಿಚಾರಣೆ. ಕೊನೆಯ ಕೋರಿಕೆ ಗೊಬ್ಬರದ್ದು.

ಸಂಯೋಜಕಿ ಬಸ್ಸಿನಲ್ಲಿದ್ದಳು. ಕಿವಿಗೆ ಇಯರ್‌ಫೋನ್ ಹಾಕಿ ರಾತ್ರಿಯಿಂದ ಬಂದು ಬಿದ್ದಿದ್ದ ವಾಯ್ಸ್‌ಗಳಲ್ಲಿ ಮೊದಲನೆಯದನ್ನು ಒತ್ತಿದಳು. ನಡುವೆ ಬರಹವೋ ಫೋಟೊವೋ ಇಲ್ಲದೆ ಸಾಲಾಗಿ ಬಂದ ವಾಯ್ಸ್‌ಗಳನ್ನು ವಾಟ್ಸ್ಆ್ಯಪ್ ಒಂದಾದ ಮೇಲೆ ಒಂದು ತಾನೇ ನುಡಿಸುತ್ತಾ ಹೋಗುತ್ತದೆ. ನಡುವೆ ಕಂಡಕ್ಟರ್ ಬಂದ, ಚಿಲ್ಲರೆಯ ಮಾತಾಯಿತು, ಪಕ್ಕದವರು ಏನೋ ಕೇಳಿದರು. ಹಿರಿಯರ ವಾಯ್ಸ್ ಆ ಗದ್ದಲದಲ್ಲೇ ನುಡಿದು ಮುಗಿದುಹೋಯಿತು. ಇಳಿದ ಮೇಲೆ ಅವಳು ಗ್ರೂಪ್ ತೆರೆದು ನೋಡಿದಾಗ ಅದರ ಪಕ್ಕದ ಮೈಕಿನ ಗುರುತು, ಕೇಳಿದ ವಾಯ್ಸ್‌ಗೆ ಇರುವಂತೆ, ನೀಲಿ ಬಣ್ಣಕ್ಕೆ ತಿರುಗಿತ್ತು. ಕೇಳಿ ಮುಗಿದದ್ದು ಅಂದುಕೊಂಡು ಮುಂದೆ ಹೋದಳು.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹೊಲಕ್ಕೆ ನೀರು ನುಗ್ಗಿ ನಿಂತು ಬೆಳೆ ಹಾಳಾದರೆ ಅದನ್ನು ಸ್ಥಳೀಯ ವಿಕೋಪ ಎಂದು ಎಣಿಸುತ್ತಾರೆ. ಹೊಲವಾರು ಪರಿಹಾರ ಬೇಕಿದ್ದರೆ ಘಟನೆ ನಡೆದ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ, ಇಲ್ಲವೇ 14447 ಸಹಾಯವಾಣಿಗೋ ತಿಳಿಸಬೇಕು. ಗುರುವಾರ ರಾತ್ರಿಯ ಮಳೆಗೆ ಆ ಗಡುವು ಭಾನುವಾರ ರಾತ್ರಿಗೆ ಮುಗಿಯಿತು.

ಮಂಗಳವಾರ ಆ ಹಿರಿಯರು ಮೊಮ್ಮಗನ ಜೊತೆ ಕಚೇರಿಗೆ ಬಂದರು. ಟವೆಲ್ಲಿನಲ್ಲಿ ಕಟ್ಟಿ ತಂದ ಹೆಸರು ಕಾಯಿಗಳನ್ನು ಮೇಜಿನ ಮೇಲೆ ಬಿಚ್ಚಿದರು. ಕಾಯಿ ಕಪ್ಪಾಗಿ ಮೆತ್ತಗಾಗಿತ್ತು. ಬಿಡಿಸಿದರೆ ಒಳಗೆ ಕಾಳು ಬಿಳಿ ಮೊಳಕೆ ಹೊಡೆದು ಸಿಪ್ಪೆ ಸೀಳಿಕೊಂಡು ಹೊರಗೆ ಬರುತ್ತಿತ್ತು. "ತಂಗೆವ್ವಾ, ನಾ ಹೇಳೀನಲ್ಲ, ಶುಕ್ರಾರನ ಹೇಳೀನಿ" ಅಂದರು. ಮೊಮ್ಮಗ ಅಜ್ಜನ ಫೋನಿನಲ್ಲಿ ಆ ವಾಯ್ಸನ್ನು ಒತ್ತಿ ಹಿಡಿದು ಇನ್ಫೋ ತೆಗೆದು ತೋರಿಸಿದ. ಕೇಳಿದವರ ಪಟ್ಟಿಯಲ್ಲಿ ಅವಳ ಹೆಸರು, ಶುಕ್ರವಾರ ಬೆಳಗಿನ ವೇಳೆಯ ಸಮೇತ ಇತ್ತು.

ಅಲ್ಲಿ ಯಾರೂ ಜಗಳಾಡಲಿಲ್ಲ. ಆದರೆ ಅವರ ಮಟ್ಟಿಗೆ ಕಂಪನಿಗೆ ವಿಷಯ ಗೊತ್ತಿದ್ದೂ ಸುಮ್ಮನಿತ್ತು. ಅವಳ ಮಟ್ಟಿಗೆ ಆ ಮಾತು ಕಿವಿಗೆ ಬಿದ್ದೇ ಇರಲಿಲ್ಲ. ವಿಮೆಯ ಕಂತು ಕಟ್ಟಿದ್ದ ಹೊಲ, ಗಡುವು ದಾಟಿದ ಹೊಲ.

ಅದುವರೆಗೆ ಮಾಡಿ ನೋಡಿದ್ದು

ಈ ಘಟನೆಗೆ ಮೊದಲೂ ಅವಳು ಕೈಕಟ್ಟಿ ಕೂತಿರಲಿಲ್ಲ. 2021ರಿಂದ ವಾಟ್ಸ್ಆ್ಯಪಿನಲ್ಲಿ ವಾಯ್ಸನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಇದೆ. ಎರಡು ಪಟ್ಟಿನಲ್ಲಿ ಕೇಳಿದರೆ 80 ನಿಮಿಷದ್ದು 40 ನಿಮಿಷಕ್ಕೆ ಇಳಿಯುತ್ತದೆ. ಲೆಕ್ಕ ಸರಿ, ಆದರೆ ನಮ್ಮ ಕಡೆಯವರು ಮಾತಾಡುವ ವೇಗ ಮೊದಲೇ ಜೋರು. ಹೊಲದಲ್ಲಿ ಗಾಳಿ, ಹಿಂದೆ ಟ್ರ್ಯಾಕ್ಟರ್ ಸದ್ದು. ಕತೆಯ ಭಾಗ ಹೇಗೋ ತಿಳಿಯುತ್ತದೆ. ಕೈಕೊಡುವುದು ಸಂಖ್ಯೆ ಮತ್ತು ಹೆಸರು. ಸರ್ವೆ ನಂಬರಿನ "ನೂರಾ ಹದಿನಾರು" ಅವಳ ವಹಿಯಲ್ಲಿ "ನೂರಾ ಹದಿನೇಳು" ಆಗಿ ಕೂತಿದ್ದು ನಾನೇ ನೋಡಿದ್ದೇನೆ. ಒಂದೂವರೆ ಪಟ್ಟು ಸಲೀಸು, ಈಗಲೂ ಅವಳು ಅದನ್ನೇ ಬಳಸುತ್ತಾಳೆ. ಆದರೆ ವೇಗ ಹೆಚ್ಚಿಸಿದರೆ ಎಲ್ಲ ವಾಯ್ಸ್‌ಗಳೂ ಸಮನಾಗಿ ಚಿಕ್ಕದಾಗುತ್ತವೆ, ಯಾವುದು ಮೊದಲು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ವಾಯ್ಸನ್ನು ಬರಹವಾಗಿಸುವ ಸೌಲಭ್ಯವನ್ನು ವಾಟ್ಸ್ಆ್ಯಪ್ 2024ರ ನವೆಂಬರಿನಲ್ಲಿ ಪ್ರಕಟಿಸಿದಾಗ ಅವಳು ಆಸೆಯಿಂದ ಸೆಟ್ಟಿಂಗ್ ತೆಗೆದು ನೋಡಿದ್ದಳು. ಆರಂಭದ ಭಾಷೆಗಳಲ್ಲಿ ಕನ್ನಡ ಇರಲಿಲ್ಲ. ಆ ದಾರಿ ಅಲ್ಲಿಗೆ ನಿಂತಿತು.

ಘಟನೆಯ ನಂತರ ನಿರ್ದೇಶಕರೊಬ್ಬರು ಗ್ರೂಪಿನಲ್ಲಿ ವಾಯ್ಸೇ ಬೇಡ ಅಂದರು. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಸೆಟ್ಟಿಂಗ್ ಬದಲಾಯಿತು. ಅವತ್ತಿನಿಂದ ಅವಳ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ನನಗೆ ಈ ಹಂತ ಮುಖ್ಯವಾಗಿ ಕಂಡಿತು, ಯಾಕೆಂದರೆ ವಾಯ್ಸಿನ ಗುಣ ಏನೆಂಬುದು ಅದು ಇಲ್ಲದಾಗ ತಿಳಿಯಿತು. ಫೋನ್ ಬಂದ ಕ್ರಮದಲ್ಲೇ ಎತ್ತಬೇಕು; ಗೊಬ್ಬರದ ರೇಟು ಕೇಳುವವರ ಹಿಂದೆ ಹುಳದ ಔಷಧ ಕೇಳುವವರು ಕಾಯಬೇಕು. ವಾಯ್ಸ್ ಕಾದು ಕೂರುತ್ತದೆ, ಹಿಂದೆ ಮುಂದೆ ಮಾಡಿ ಕೇಳಲು ಬಿಡುತ್ತದೆ. ವಿಂಗಡಿಸಲು ಆಗುವಂಥದ್ದನ್ನು ಬಿಟ್ಟು ವಿಂಗಡಿಸಲು ಆಗದ್ದನ್ನು ತಂದುಕೊಂಡಂತಾಯಿತು. ಇನ್ನೂ ಕೆಟ್ಟದ್ದೆಂದರೆ ಹೆಂಗಸರು ಮತ್ತು ವಯಸ್ಸಾದವರು ಫೋನನ್ನೂ ಮಾಡಲಿಲ್ಲ, ಸುಮ್ಮನಾದರು. ವಾರದೊಳಗೆ ಗ್ರೂಪನ್ನು ಮತ್ತೆ ತೆರೆದರು.

ಹಳೆಯ ವಾಯ್ಸ್‌ಗಳನ್ನು ಮುಂದಿಟ್ಟುಕೊಂಡು ಕೂತಾಗ

ನನ್ನನ್ನು ಕರೆಸಿದ್ದು ಆ ಹೊತ್ತಿಗೆ. ಹೊಸ ನಿಯಮ ಮಾಡುವ ಮೊದಲು ಆಗಸ್ಟಿನ ಒಂದು ವಾರದ ವಾಯ್ಸ್‌ಗಳನ್ನು ಇಬ್ಬರೂ ಕೂತು ಪೂರ್ತಿ ಕೇಳೋಣ ಅಂದೆ. ಒಂದು ಹಾಳೆಯಲ್ಲಿ ಗೆರೆ ಹೊಡೆದುಕೊಂಡೆವು: ಕಳಿಸಿದವರು, ಕಳಿಸಿದ ವೇಳೆ, ಉದ್ದ, ಅಸಲು ಮಾತು ಬಂದ ನಿಮಿಷ, ಮತ್ತು ಅದು ಕೋರಿಕೆಯೋ ಸುದ್ದಿಯೋ.

ಮೊದಲ ನಾಲ್ಕು ಅಂಕಣ ತುಂಬುತ್ತಾ ಹೋದಂತೆ ಒಂದು ರೀತಿ ಕಾಣಿಸಿತು. ಮೊದಲ ಅರ್ಧ ನಿಮಿಷದಲ್ಲಿ ಅಸಲು ಮಾತು ಬಂದದ್ದು ಅಪರೂಪ. ಕೋರಿಕೆ ಬಹುಮಟ್ಟಿಗೆ ಕೊನೆಯಲ್ಲಿ, "ಅದಕ್ಕ ನೀವೊಂದೀಟ..." ಅನ್ನುವ ಜಾಗದಲ್ಲಿ ಬರುತ್ತಿತ್ತು. ಹಾಗಾದರೆ ಉದ್ದನೆಯ ವಾಯ್ಸಿನ ಕೊನೆಯ ಅರ್ಧ ನಿಮಿಷಕ್ಕೆ ಜಿಗಿದು ಕೇಳಿದರೆ ಸಾಕಲ್ಲ ಎಂದು ಅವಳು ಕೇಳಿದಳು. ಅನೇಕರು ಹೀಗೇ ಮಾಡುತ್ತಾರೆ, ಬಹಳ ಸಲ ಕೆಲಸವೂ ಆಗುತ್ತದೆ.

ಐದನೆಯ ಅಂಕಣ ಅದನ್ನು ಒಪ್ಪಲಿಲ್ಲ. ಹಿರಿಯರ ಆ ವಾಯ್ಸಿನ ಕೊನೆಯ ಅರ್ಧ ನಿಮಿಷ ಕೇಳಿದರೆ ಸಿಗುವುದು ಡಿಎಪಿ. ನೀರಿನ ಮಾತು ನಡುವೆ ಇತ್ತು, ಯಾಕೆಂದರೆ ಅವರಿಗೆ ಅದು ಕೋರಿಕೆ ಆಗಿರಲಿಲ್ಲ. 72 ಗಂಟೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಮಳೆ ಬಂತು, ನೀರು ಹೊಕ್ಕಿತು, ದೇವರ ಇಚ್ಛೆ. ಅದಕ್ಕೆ ಕಂಪನಿಯ ಅಕ್ಕಾರು ಏನು ಮಾಡಿಯಾರು? ಏನು ಮಾಡಬಹುದೋ ಅದನ್ನು, ಅಂದರೆ ಗೊಬ್ಬರವನ್ನು, ಅವರು ಕೇಳಿದ್ದರು. ಹಾಳೆಯ ಮೇಲೆ ಇಂಥವು ಇನ್ನೂ ಕೆಲವು ಸಿಕ್ಕವು. ಗೋವಿನಜೋಳದ ಸುಳಿಯಲ್ಲಿ ಕಟ್ಟಿಗೆಪುಡಿಯಂಥ ಹಿಕ್ಕೆ ಬಿದ್ದಿದೆ ಎಂದು ಒಬ್ಬಾಕೆ ಮಾತಿನ ಮಧ್ಯೆ ಹೇಳಿ ಹೋಗಿದ್ದಳು. ಅದು ಸೈನಿಕ ಹುಳದ ಗುರುತು. ಮರಿ ಸಣ್ಣದಿದ್ದಾಗ ಹೊಡೆದ ಔಷಧ ನಾಟುತ್ತದೆ, ಬಲಿತು ಸುಳಿಯೊಳಗೆ ಕೂತ ಮೇಲೆ ನಾಟುವುದು ಕಷ್ಟ. ಆಕೆಯ ಕೊನೆಯ ಕೋರಿಕೆ ಚೀಲದ ಬಾಕಿ ರೊಕ್ಕದ ಬಗ್ಗೆ ಇತ್ತು.

ಪ್ರಕರಣ ತಿರುಗಿದ್ದು ಇಲ್ಲಿ ಎಂದು ನನ್ನ ಅಭಿಪ್ರಾಯ. ಕೋರಿಕೆಯನ್ನು ಹುಡುಕುವ ವಿಂಗಡಣೆ ಕಳಿಸಿದವನಿಗೆ ಏನು ಮುಖ್ಯ ಅನ್ನಿಸಿದೆಯೋ ಅದನ್ನು ಹಿಡಿಯುತ್ತದೆ. ಗಡುವು ಇರುವ ಸಂಗತಿ ಕಳಿಸಿದವನಿಗೆ ಬರೀ ಸುದ್ದಿಯಾಗಿ ಕಂಡಿದ್ದರೆ ಅದು ಬಲೆಗೆ ಬೀಳುವುದಿಲ್ಲ. ಅದನ್ನು ಹಿಡಿಯಲು ಎರಡೇ ದಾರಿ: ಅಂಥ ಸುದ್ದಿ ಯಾವ ದಿನ, ಯಾವ ಊರಿಂದ ಬರುವ ಸಂಭವ ಹೆಚ್ಚು ಎಂದು ಕೇಳುವವಳಿಗೆ ಮೊದಲೇ ಗೊತ್ತಿರಬೇಕು, ಇಲ್ಲವೇ ಯಾವ ಸುದ್ದಿಗೆ ಗಡುವಿದೆ ಎಂದು ಹೇಳುವವರಿಗೆ ಗೊತ್ತಾಗಬೇಕು. ಎರಡನ್ನೂ ಮಾಡಲು ನಿರ್ಧರಿಸಿದೆವು.

ಕೇಳುವವಳ ಕಡೆಯ ಬದಲಾವಣೆ

ಮೊದಲ ಬದಲಾವಣೆ, ಯಾವುದನ್ನೂ ಒತ್ತುವ ಮೊದಲು ಪರದೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡುವುದು. ಕೇಳದೆಯೇ ತಿಳಿಯುವ ಸಂಗತಿ ಬಹಳ ಇದೆ. ಎಂದೂ ಮಾತಾಡದವರು ವಾಯ್ಸ್ ಹಾಕಿದ್ದರೆ ಅದು ಮೊದಲು. ಯಾವಾಗಲೂ ಮೂರು ನಿಮಿಷ ಮಾತಾಡುವವರು ಎಂಟು ಸೆಕೆಂಡಿನದು ಹಾಕಿದ್ದರೆ ಅದೂ ಮೊದಲು, ಬಹುಶಃ "ಲಗೂನ ಫೋನ್ ಹಚ್ಚರಿ" ಅಂದಿರುತ್ತಾರೆ. ಫೋಟೊದ ಬೆನ್ನಿಗೇ ಬಂದ ವಾಯ್ಸ್ ಸಾಮಾನ್ಯವಾಗಿ ಬೆಳೆಯದ್ದು. ಒಂದೇ ಊರಿನ ಮೂವರು ಅರ್ಧ ಗಂಟೆಯೊಳಗೆ ಹಾಕಿದ್ದರೆ ಆ ಊರಲ್ಲಿ ಏನೋ ಆಗಿದೆ. ಅರ್ಧ ನಿಮಿಷದೊಳಗಿನವನ್ನೆಲ್ಲ ಮೊದಲು ಕೇಳಿ ಮುಗಿಸುವುದು, ಅವಕ್ಕೆ ಹಿಡಿಯುವ ಹೊತ್ತು ಕಡಿಮೆ.

ಎರಡನೆಯದು ಮಳೆಗೆ ಕಟ್ಟಿದ ಕ್ರಮ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದ ಮಳೆಮಾಪಕಗಳ ಅಂಕಿಯನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಡುತ್ತದೆ. ಅವಳು ಬೆಳಿಗ್ಗೆ ಮೊದಲು ಅದನ್ನು ನೋಡುತ್ತಾಳೆ. ರಾತ್ರಿ ಜೋರು ಮಳೆಯಾಗಿದ್ದರೆ ಹಳ್ಳದ ದಂಡೆಯ ಮೂರು ಊರುಗಳ ವಾಯ್ಸ್‌ಗಳನ್ನು ಎಷ್ಟೇ ಉದ್ದವಿರಲಿ ಪೂರ್ತಿ ಕೇಳಬೇಕು, ಉಳಿದ ಆರು ಊರುಗಳವು ಕಾಯಬಹುದು. ಮಳೆ ಇಲ್ಲದ ದಿನ ಈ ಕಟ್ಟಳೆ ಇಲ್ಲ. ಆಗ ಕೊನೆಯ ಅರ್ಧ ನಿಮಿಷ, ಆಮೇಲೆ ನಡುವಿನ ಒಂದೆರಡು ಕಡೆ ಬೆರಳಿಟ್ಟು ಕೇಳಿದರೆ ಸಾಕು. ಗೋವಿನಜೋಳ ಮೊಣಕಾಲೆತ್ತರ ಇರುವ ದಿನಗಳಲ್ಲಿ ಆ ಬೆಳೆ ಹಾಕಿದವರ ವಾಯ್ಸ್‌ಗಳಿಗೆ ಇದೇ ರೀತಿ ಪೂರ್ತಿ ಕಿವಿ. ಅಂದರೆ ವಿಂಗಡಣೆಯ ಪಟ್ಟಿ ವರ್ಷವಿಡೀ ಒಂದೇ ಇರುವುದಿಲ್ಲ.

ಮೂರನೆಯದು ಗುರುತಿನ ವಿಷಯ. ಒಮ್ಮೆ ಪ್ಲೇ ಒತ್ತಿದರೆ ಸಾಕು, ಪೂರ್ತಿ ಕೇಳದಿದ್ದರೂ ಕೇಳಿದಂತೆ ದಾಖಲಾಗುತ್ತದೆ. ಓದಿದ ಗುರುತನ್ನು ಸೆಟ್ಟಿಂಗ್‌ನಲ್ಲಿ ಆರಿಸಿದರೂ ವಾಯ್ಸ್ ಕೇಳಿದ ಗುರುತು ಆರುವುದಿಲ್ಲ, ಗ್ರೂಪಿನಲ್ಲಿ ಓದಿದ್ದೂ ಮುಚ್ಚುವುದಿಲ್ಲ. ಹಾಗಾಗಿ ಜಿಗಿದು ಕೇಳುವವರಿಗೆ ಒಂದು ಅಪಾಯ ಯಾವಾಗಲೂ ಇದೆ: ಅರೆಬರೆ ಕೇಳಿದ್ದು ಮತ್ತು ಪೂರ್ತಿ ಕೇಳಿದ್ದು ತಮ್ಮ ಕಣ್ಣಿಗೂ ಒಂದೇ ಥರ ಕಾಣುತ್ತವೆ, ಕಳಿಸಿದವರ ಕಣ್ಣಿಗೂ ಒಂದೇ ಥರ. ಅವಳು ಮೈಕಿನ ಬಣ್ಣ ನಂಬುವುದನ್ನು ಬಿಟ್ಟಳು. ವಾಯ್ಸಿನ ಮೇಲೆ ಒತ್ತಿ ಹಿಡಿದು ಎಮೋಜಿ ಇಡಲು ಬರುತ್ತದಲ್ಲ, ಅದನ್ನೇ ಬಳಸಿದಳು. ಅರ್ಧ ಕೇಳಿದ್ದಕ್ಕೆ ⏳, ಪೂರ್ತಿ ಕೇಳಿ ವಹಿಯಲ್ಲಿ ಬರೆದುಕೊಂಡದ್ದಕ್ಕೆ ✅. ಯಾವ ಗುರುತೂ ಇಲ್ಲದಿದ್ದರೆ ಮೈಕು ನೀಲಿ ಇದ್ದರೂ ಕೇಳಿಲ್ಲ ಎಂದೇ ಅರ್ಥ, ಇದನ್ನು ಗ್ರೂಪಿನ ವಿವರಣೆಯಲ್ಲೂ ಬರೆದು ಹಾಕಿದರು. ಇದರಿಂದ ಅಕ್ಷರ ಬಾರದವರಿಗೂ ತಮ್ಮ ಮಾತು ಎಲ್ಲಿಗೆ ಮುಟ್ಟಿತು ಅನ್ನುವುದು ಕಾಣುವಂತಾಯಿತು. ಸಂಜೆಯೊಳಗೆ ✅ ಬೀಳದಿದ್ದರೆ ಅವರೇ ಮತ್ತೆ ನೆನಪಿಸುತ್ತಾರೆ. ಬಸ್ಸಿನಲ್ಲಿ ಸಾಲಾಗಿ ಕೇಳುವುದನ್ನೂ ಕೈಬಿಟ್ಟಳು. ಒಂದು ಮುಗಿದ ಕೂಡಲೇ ನಿಲ್ಲಿಸಿ, ಗುರುತು ಹಾಕಿ, ಆಮೇಲೆ ಮುಂದಿನದು.

ಹೇಳುವವರ ಕಡೆಯ ಬದಲಾವಣೆ

ಇದು ಕಷ್ಟದ್ದು ಎಂದು ಇಬ್ಬರಿಗೂ ಗೊತ್ತಿತ್ತು. "ಚಿಕ್ಕದಾಗಿ ಮಾತಾಡಿ" ಎಂದು ಹಿರಿಯರಿಗೆ ಹೇಳುವುದು ಬಾಯಿ ಮುಚ್ಚಿಸಿದಂತೆ. ಅವಳು ಗುಡಿಯ ಕಟ್ಟೆಯ ಮೇಲೆ ಊರೂರಿಗೆ ಸಭೆ ಕರೆದಳು. ಚಿಕ್ಕದು, ದೊಡ್ಡದು ಅನ್ನುವ ಮಾತೇ ಎತ್ತಲಿಲ್ಲ. 72 ಗಂಟೆಯ ಕತೆ ಹೇಳಿದಳು, ಹೊಲ ಕಳೆದುಕೊಂಡ ಹಿರಿಯರು ತಾವೇ ಎದ್ದು ನಿಂತು ಆದದ್ದನ್ನು ಹೇಳಿದರು. ಆಮೇಲೆ ಅವಳು ಕೇಳಿಕೊಂಡದ್ದು ಇಷ್ಟು: "ನೀರು, ಹುಳ, ಬೆಂಕಿ, ದನ. ಈ ನಾಕರಾಗ ಏನರ ಆಗಿದ್ರ ಅದನ್ನ ಬ್ಯಾರೆ ವಾಯ್ಸಿನ್ಯಾಗ ಹೇಳ್ರಿ. ಮೊದಲ ಊರಿನ ಹೆಸರು, ಆಮ್ಯಾಲೆ ಆದದ್ದು, ಯಾವಾಗ ಆತು."

ಒಬ್ಬ ಅಜ್ಜ ಒಪ್ಪಲಿಲ್ಲ. "ಅಲ್ಲ ತಂಗೀ, ಆರಾಮ ಅದೀ ಏನು ಅಂತ ಕೇಳಲಾರದ ಒಮ್ಮಿಗೆಲೇ ಹೊಲದ ಮಾತು ಹೆಂಗ ತಗೀಲಿ? ಮನಸ್ಯಾರು ಮಾತಾಡೂ ರೀತಿ ಏನದು?" ಸಭೆಯಲ್ಲಿ ಬಹಳ ಜನ ತಲೆಯಾಡಿಸಿದರು. ನಾವು ಬರೆದುಕೊಂಡು ಹೋಗಿದ್ದ ನಿಯಮ ಅಲ್ಲೇ ಬಿದ್ದುಹೋಗುತ್ತಿತ್ತು. ದಾರಿ ತೋರಿಸಿದ್ದು ಹಿಂದೆ ಕೂತಿದ್ದ ಒಬ್ಬ ಹೆಣ್ಣುಮಗಳು: "ಕಾಕಾ, ಆರಾಮ ಕೇಳೂದು ಒಂದು ವಾಯ್ಸ್ ಬಿಡ್ರಿ, ಹೊಲದ್ದು ಮತ್ತೊಂದು ಬಿಡ್ರಿ. ಅಕ್ಕಾರು ಎರಡೂ ಕೇಳ್ತಾರ." ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಹೀಗೆ ಎರಡಾಗಿ ಒಡೆದ ಮೇಲೆ ಒಟ್ಟು ವಾಯ್ಸ್‌ಗಳ ಸಂಖ್ಯೆ ಏರಿತು, ಆದರೂ ಕೆಲಸ ಹಗುರಾಯಿತು. ಕ್ಷೇಮದ ವಾಯ್ಸ್‌ಗಳನ್ನು ಅವಳು ರಾತ್ರಿ ಊಟವಾದ ಮೇಲೆ ಕೇಳುತ್ತಾಳೆ. ಅವನ್ನು ಬಿಟ್ಟುಬಿಡಬಾರದು ಎಂಬ ಹಟ ಅವಳದೇ. ಮಗಳಿಗೆ ಹುಷಾರಿಲ್ಲ ಎಂದವರಿಗೆ ಮರುದಿನ "ಈಗ ಹೆಂಗದಾಳ್ರೀ" ಅನ್ನದಿದ್ದರೆ ಎರಡನೆಯ ವಾಯ್ಸೂ ನಿಂತುಹೋಗುತ್ತದೆ ಎಂದು ಅವಳು ಹೇಳಿದ್ದು ನನಗೆ ಸರಿ ಅನ್ನಿಸಿತು.

ಜೊತೆಗೆ ಪ್ರತಿ ಊರಿಗೆ ಒಬ್ಬರು, ಹೆಚ್ಚಾಗಿ ಕಾಲೇಜು ಓದುವ ಹುಡುಗ ಹುಡುಗಿಯರು, ತಮ್ಮ ಊರಿನ ಉದ್ದನೆಯ ವಾಯ್ಸ್ ಕೇಳಿ ಅದಕ್ಕೇ ರಿಪ್ಲೈ ಮಾಡಿ ಒಂದು ಸಾಲು ಬರೆಯುವ ಏರ್ಪಾಡು ಮಾಡಿದರು. ವಾಯ್ಸಿನೊಳಗಿನ ಮಾತನ್ನು ಗ್ರೂಪಿನಲ್ಲಿ ಹುಡುಕಲು ಬರುವುದಿಲ್ಲ. ಕೆಳಗೆ "ಕೆಳಗಿನ ಹೊಲ, ಹೆಸರು, ನೀರು ನಿಂತಿದೆ" ಎಂಬ ಸಾಲಿದ್ದರೆ ತಿಂಗಳ ಮೇಲೂ ಹುಡುಕಿದರೆ ಸಿಗುತ್ತದೆ. ದಿನಾಂಕದ ಸಮೇತ ಅದು ಒಂದು ದಾಖಲೆಯೂ ಆಗುತ್ತದೆ.

ಮುಂದಿನ ಮಳೆ

ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಹಳ್ಳ ತುಂಬಿತು. ಗೋವಿನಜೋಳ ತೆನೆ ಕಟ್ಟಿ ನಿಂತಿದ್ದ ಹೊತ್ತು. ಬೆಳಿಗ್ಗೆ ಅವಳು ಮಳೆಯ ಅಂಕಿ ನೋಡಿ ದಂಡೆಯ ಊರುಗಳ ವಾಯ್ಸ್‌ಗಳನ್ನು ಮೊದಲು ತೆಗೆದಳು. ಎರಡು ಊರಿನವರು ಹೇಳಿಕೊಟ್ಟಂತೆಯೇ ಊರು, ನೀರು, ವೇಳೆ ಹೇಳಿ ಹತ್ತಿಪ್ಪತ್ತು ಸೆಕೆಂಡಿನ ವಾಯ್ಸ್ ಹಾಕಿದ್ದರು. ಮೂರನೆಯ ಊರಿನಿಂದ ಬಂದದ್ದು ಹಳೆಯ ರೀತಿಯದೇ, ನಾಲ್ಕು ನಿಮಿಷದ್ದು, ನೀರಿನ ಮಾತು ಎರಡನೆಯ ನಿಮಿಷದಲ್ಲಿ. ಮಳೆಯ ಕಟ್ಟಳೆ ಇದ್ದದ್ದರಿಂದ ಅದನ್ನು ಪೂರ್ತಿ ಕೇಳಿದಳು, ಸಿಕ್ಕಿತು. ಹೇಳುವವರ ಕಡೆಯ ನಿಯಮ ತಪ್ಪಿದಲ್ಲಿ ಕೇಳುವವಳ ಕಡೆಯ ನಿಯಮ ಕೈಹಿಡಿದದ್ದು ಇಲ್ಲಿ. ಹೇಳುವವರ ಕಡೆಯ ನಿಯಮ ಒಂದನ್ನೇ ನಂಬಿದ್ದರೆ ಆ ಹೊಲವೂ ತಪ್ಪಿಹೋಗುತ್ತಿತ್ತು.

ಅವತ್ತು ಮಧ್ಯಾಹ್ನದೊಳಗೆ ವಿಮೆ ಕಟ್ಟಿದವರ ಅರ್ಜಿ ಸಂಖ್ಯೆ, ಸರ್ವೆ ನಂಬರು, ಬೆಳೆ, ನೀರು ಹೊಕ್ಕ ವೇಳೆ ಇಷ್ಟನ್ನು ಕೂಡಿಸಿ ದೂರು ದಾಖಲಿಸಿದರು. ಸರ್ವೆ ನಂಬರನ್ನು ಮಾತ್ರ ವಾಯ್ಸಿನಿಂದ ಬರೆದುಕೊಳ್ಳಲಿಲ್ಲ, ಪಹಣಿಯ ಫೋಟೊ ತರಿಸಿಕೊಂಡರು. ಆಮೇಲೆ ಹೊಲಕ್ಕೆ ಬಂದು ನೋಡುವುದು, ಹಾನಿಯ ಪ್ರಮಾಣ ಬರೆಯುವುದು ವಿಮಾ ಕಂಪನಿಯ ಕೈಯಲ್ಲಿದೆ. ಕೆಲವರಿಗೆ ರೊಕ್ಕ ಬಂತು, ಕೆಲವರದು ತಿರಸ್ಕಾರವಾಯಿತು. ವಾಯ್ಸ್ ವಿಂಗಡಣೆ ಅವರನ್ನು ಗಡುವಿನೊಳಗೆ ಬಾಗಿಲ ತನಕ ಮುಟ್ಟಿಸಿತು, ಅದರಾಚೆ ಅದರ ಕೈ ಇಲ್ಲ. ಇಬ್ಬರು ವಿಮೆಯೇ ಕಟ್ಟಿರಲಿಲ್ಲ.

ಇನ್ನೂ ಬಗೆಹರಿಯದ್ದು

ಊರಿಗೊಬ್ಬರು ಬರೆಯುವ ಏರ್ಪಾಡಿನಲ್ಲಿ ತೊಡಕಿದೆ. ಒಂದು ಊರಿನಲ್ಲಿ ಎರಡು ಪಾರ್ಟಿ. ಬರೆಯುವ ಹುಡುಗ ಒಂದು ಕಡೆಯವನು. ಇನ್ನೊಂದು ಕಡೆಯವರ ವಾಯ್ಸ್‌ಗಳ ಕೆಳಗೆ ಸಾಲು ತಡವಾಗಿ ಬೀಳುತ್ತಿತ್ತು, ಕೆಲವೊಮ್ಮೆ ಬೀಳುತ್ತಲೇ ಇರಲಿಲ್ಲ. ಅವನು ಬೇಕಂತಲೇ ಮಾಡಿದನೋ ಇಲ್ಲವೋ, ಅವರಿಗೆ ಹಾಗೆ ಅನ್ನಿಸಿತು, ಅವರು ವಾಯ್ಸ್ ಹಾಕುವುದನ್ನೇ ಕಡಿಮೆ ಮಾಡಿದರು. ಸಾಲು ಬೀಳದ ವಾಯ್ಸ್‌ಗಳನ್ನೇ ಆರಿಸಿ ದಿನಕ್ಕೊಮ್ಮೆ ನೋಡುವುದನ್ನು ಸಂಯೋಜಕಿ ತನ್ನ ಕೆಲಸದಲ್ಲಿ ಸೇರಿಸಿಕೊಂಡಿದ್ದಾಳೆ. ಆ ಊರಿಗೆ ಇಬ್ಬರನ್ನು ಇಟ್ಟರೆ ಹೇಗೆ ಎಂಬ ಚರ್ಚೆ ನಡೆದಿದೆ. ನನ್ನ ಮತ ಇಬ್ಬರನ್ನು ಇಡಬೇಕು ಎಂದು. ಒಬ್ಬರೇ ಇದ್ದರೆ ಯಾವ ಮಾತು ಮೇಲೆ ಹೋಗಬೇಕು ಅನ್ನುವುದು ಅವರ ಕೈಗೆ ಹೋಗುತ್ತದೆ, ಅಷ್ಟು ಅಧಿಕಾರ ಒಬ್ಬ ಹುಡುಗನಿಗೆ ಕೊಡಬಾರದು.

ಸಾಲದ ಮಾತು, ಮನೆಯ ಜಗಳ, ಕಾಯಿಲೆ ಇಂಥವನ್ನು ಗ್ರೂಪಿನಲ್ಲಿ ಹೇಳಿದರೆ ಊರಿನ ಹುಡುಗನೇ ಅದನ್ನು ಕೇಳಿ ಬರೆಯುತ್ತಾನೆ ಅನ್ನುವುದು ಇನ್ನೊಂದು ಸಂಕೋಚ. ಅಂಥವರಿಗೆ ಸಂಯೋಜಕಿಯ ಸ್ವಂತ ಚಾಟ್ ತೆರೆದಿದೆ. ಅಲ್ಲಿ ಈಗ ವಾಯ್ಸ್‌ಗಳು ಹೆಚ್ಚುತ್ತಿವೆ, ಅವಕ್ಕೆ ಸಾಲು ಬರೆಯುವವರು ಯಾರೂ ಇಲ್ಲ. ಬರುವ ಮುಂಗಾರಿಗೆ ಅರ್ಧ ದಿನದ ಒಬ್ಬ ಸಹಾಯಕಿಯನ್ನು ನೇಮಿಸಿಕೊಳ್ಳಬೇಕು ಎಂದು ನಿರ್ದೇಶಕ ಮಂಡಳಿಗೆ ಅವಳು ಅರ್ಜಿ ಕೊಟ್ಟಿದ್ದಾಳೆ. ಆಗಸ್ಟಿನ ವಾರದ ಆ ಹಾಳೆಯನ್ನೂ, ಅಸಲು ಮಾತು ಬಂದ ನಿಮಿಷಗಳ ಅಂಕಣ ಸಮೇತ, ಅರ್ಜಿಗೆ ಲಗತ್ತಿಸಿದ್ದಾಳೆ.